ಆರು ದಿನದ ದುಡಿಮೆಗೆ 0:42: ಹಾಳೆಯಲ್ಲಿ ತಾಸು-ನಿಮಿಷದ ಮೊತ್ತ ತಪ್ಪಿದಾಗ ಎಲ್ಲಿ ಹುಡುಕಬೇಕು

ಕಲಬುರಗಿ ಕಡೆ ದಾಲ್ ಮಿಲ್‌ಗಳಲ್ಲಿ ತಾಸಿನ ಲೆಕ್ಕದ ಮೇಲೆ ಪಗಾರ ಕೊಡುವವರು ಈಗ ಹಾಜರಿ ಪುಸ್ತಕದ ಜೊತೆಗೆ ಎಕ್ಸೆಲ್ ಹಾಳೆಯನ್ನೂ ಇಟ್ಟಿರುತ್ತಾರೆ. ಕರೆಂಟ್ ಹೋಗುತ್ತದೆ, ಪಾಲಿಶರ್ ನಿಲ್ಲುತ್ತದೆ, ಲಾರಿ ತಡವಾಗುತ್ತದೆ. ಹಾಗಾಗಿ ಯಾರ ದುಡಿಮೆಯೂ ಸರಿಯಾಗಿ ಎಂಟು ತಾಸು ಇರುವುದಿಲ್ಲ. ಎಂಟು ನಲವತ್ತೈದು, ಹತ್ತು ಹದಿನೈದು, ಹೀಗೇ ಇರುತ್ತದೆ. ಇವನ್ನೆಲ್ಲ ಕೂಡಿಸಿ ತಾಸಿನ ದರದಿಂದ ಗುಣಿಸಬೇಕು, ಅಷ್ಟೇ. ಆದರೆ ವಾರದ ಬಟವಾಡೆಯ ಹೊತ್ತಿಗೆ ಇದೇ ಲೆಕ್ಕ ಕೈಕೊಡುತ್ತದೆ.

ಒಬ್ಬ ಮುನೀಮರು ಹಾಳೆ ತೋರಿಸಿ, "ಯಾಕ್ರೀ, ಆರು ದಿನ ದುಡಿದವನಿಗೆ ನಲವತ್ತೆರಡು ನಿಮಿಷ ತೋರಿಸ್ತದಲ್ಲಾ?" ಎಂದು ಕೇಳಿದರು. ಮೊತ್ತದ ಸೆಲ್‌ನಲ್ಲಿ `0:42` ಇತ್ತು. ಅವರ ಹಾಳೆಯನ್ನೇ ಇಲ್ಲಿ ಉದಾಹರಣೆಯಾಗಿ ಹಿಡಿದುಕೊಂಡು ಹೋಗೋಣ. ಈ ತೊಂದರೆಯಲ್ಲಿ ಬರುವ ಮುಖ್ಯ ದೋಷಗಳೆಲ್ಲ ಅದೊಂದೇ ಹಾಳೆಯಲ್ಲಿ ಸಿಕ್ಕವು. ಲೆಕ್ಕ ಸುಲಭವಾಗಲಿ ಎಂದು ದರವನ್ನು ತಾಸಿಗೆ 60 ರೂಪಾಯಿ ಎಂದು ಇಟ್ಟುಕೊಳ್ಳುತ್ತೇನೆ, ಆಗ ನಿಮಿಷಕ್ಕೆ ಒಂದು ರೂಪಾಯಿ ಆಗುತ್ತದೆ.

```
     A         B
1    ದಿನ       ದುಡಿದ ಹೊತ್ತು
2    ಸೋಮ       8:45
3    ಮಂಗಳ      9.3
4    ಬುಧ       8:20
5    ಗುರು      10ಃ15
6    ಶುಕ್ರ     7:50
7    ಶನಿ       9:10
8    ಒಟ್ಟು     0:42
```

ಮೊದಲು ಕಾಗದದ ಮೇಲೆ ಕೂಡಿಸಿ. ಮಂಗಳವಾರದ್ದು ಹಾಜರಿ ಪುಸ್ತಕದಲ್ಲಿ 9 ತಾಸು 30 ನಿಮಿಷ ಎಂದಿದೆ. ಅದನ್ನು ಸೇರಿಸಿ ಆರೂ ದಿನದ್ದು 53 ತಾಸು 50 ನಿಮಿಷ ಆಗುತ್ತದೆ. ಅಂದರೆ 3230 ನಿಮಿಷ, ನಮ್ಮ ದರದಲ್ಲಿ 3230 ರೂಪಾಯಿ. ಈ ಒಂದು ಅಂಕಿ ಕೈಯಲ್ಲಿರಲಿ. ಮುಂದೆ ಫಾರ್ಮುಲಾ ಏನೇ ಬದಲಿಸಿದರೂ ಉತ್ತರ ಇದಕ್ಕೆ ಬಂದು ನಿಲ್ಲಬೇಕು.

ಮೊದಲ ಪರೀಕ್ಷೆ: ಎಷ್ಟು ಸೆಲ್ ನಿಜವಾಗಿ ಸಂಖ್ಯೆ?

ಎಕ್ಸೆಲ್‌ಗೆ ಹೊತ್ತು ಅಂದರೆ ದಿನದ ಒಂದು ಭಾಗ. ಇಡೀ ದಿನ 1, ಅರ್ಧ ದಿನ 0.5. ನೀವು 8:20 ಎಂದು ಟೈಪ್ ಮಾಡಿದರೆ ಒಳಗೆ ಕೂರುವುದು 0.347222, ಅಂದರೆ 8:20ನ್ನು 24ರಿಂದ ಭಾಗಿಸಿದ್ದು. ಕಣ್ಣಿಗೆ ಕಾಣುವ 8:20 ಅದರ ಮೇಲಿನ ಹೊದಿಕೆ ಮಾತ್ರ. ಲಿಬ್ರೆಆಫೀಸ್ ಕ್ಯಾಲ್ಕ್ ಮತ್ತು ಗೂಗಲ್ ಶೀಟ್ಸ್‌ನಲ್ಲೂ ಹೀಗೇ.

ಆದರೆ ಅದೇ 8:45 ಪಠ್ಯವಾಗಿ ಕೂತಿದ್ದರೆ ಒಳಗೆ ಸಂಖ್ಯೆಯೇ ಇರುವುದಿಲ್ಲ, ನಾಲ್ಕು ಅಕ್ಷರಗಳು ಇರುತ್ತವೆ, ಅಷ್ಟೇ. `SUM` ಅಂಥ ಸೆಲ್‌ಗಳನ್ನು ಸುಮ್ನೆ ದಾಟಿ ಹೋಗುತ್ತದೆ. ತಪ್ಪು ಎಂದು ಹೇಳುವುದೂ ಇಲ್ಲ. ಅದಕ್ಕೇ ಈ ದೋಷ ಬೇಗ ಗೊತ್ತಾಗುವುದಿಲ್ಲ: ಹಾಳೆಯಲ್ಲಿ ಎಲ್ಲೂ ಕೆಂಪು ಗುರುತಿಲ್ಲ, ಮೊತ್ತ ಮಾತ್ರ ಕಡಿಮೆ. ಎಲ್ಲ ಸೆಲ್‌ಗಳೂ ಪಠ್ಯವಾಗಿದ್ದರೆ ಮೊತ್ತ `0:00` ಎಂದು ಬಂದು ಕೂಡಲೇ ಸಿಕ್ಕಿಬೀಳುತ್ತದೆ. ಒಂದೆರಡು ಮಾತ್ರ ಪಠ್ಯವಾಗಿದ್ದಾಗ ಅಪಾಯ ಜಾಸ್ತಿ, ಏಕೆಂದರೆ ಬರುವ ಅಂಕಿ ನಂಬುವಂತೆಯೇ ಇರುತ್ತದೆ.

ಹೀಗೆ ಪತ್ತೆ ಹಚ್ಚಿ:

```
=COUNTA(B2:B7)
=COUNT(B2:B7)
```

ಮೊದಲನೆಯದು ಖಾಲಿ ಇಲ್ಲದ ಸೆಲ್‌ಗಳನ್ನು ಎಣಿಸುತ್ತದೆ, ಎರಡನೆಯದು ಸಂಖ್ಯೆ ಇರುವ ಸೆಲ್‌ಗಳನ್ನು ಮಾತ್ರ. ಈ ಹಾಳೆಯಲ್ಲಿ 6 ಮತ್ತು 3 ಬಂತು. ಅಂದರೆ ಮೂರು ದಿನದ ದುಡಿಮೆ ಮೊತ್ತಕ್ಕೆ ಸೇರಿಯೇ ಇಲ್ಲ. ಯಾವ ಮೂರು ಎಂದು ತಿಳಿಯಲು ಪಕ್ಕದ ಖಾಲಿ ಕಾಲಂನಲ್ಲಿ `=ISTEXT(B2)` ಹಾಕಿ ಕೆಳಗೆ ಎಳೆಯಿರಿ. `TRUE` ಬಂದ ಸಾಲುಗಳು ಪಠ್ಯ. ಇಲ್ಲಿ ಸೋಮ, ಗುರು, ಶುಕ್ರ.

ಪಠ್ಯ ಎಡಕ್ಕೆ ಅಂಟುತ್ತದೆ, ಸಂಖ್ಯೆ ಬಲಕ್ಕೆ ಅಂಟುತ್ತದೆ ಎಂಬ ಗುರುತೂ ಇದೆ. ಆದರೆ ನಮ್ಮ ಕಡೆ ಹಾಳೆ ಚಂದ ಕಾಣಲಿ ಎಂದು ಎಲ್ಲವನ್ನೂ ನಡುವೆ ತಂದು ಗೆರೆ ಹಾಕಿರುತ್ತಾರೆ, ಆಗ ಆ ಗುರುತು ಸಿಗುವುದಿಲ್ಲ. ಕ್ಯಾಲ್ಕ್ ಬಳಸುವವರಿಗೆ ಇನ್ನೂ ಸುಲಭ. `Ctrl+F8` ಒತ್ತಿದರೆ ಸಂಖ್ಯೆಗಳು ನೀಲಿಯಾಗುತ್ತವೆ, ಪಠ್ಯ ಕಪ್ಪಾಗಿಯೇ ಉಳಿಯುತ್ತದೆ.

ಇಲ್ಲೊಂದು ವಿಷಯ ಎಷ್ಟೋ ಜನರ ದಾರಿ ತಪ್ಪಿಸುತ್ತದೆ. `=B2+B4` ಎಂದು ಕೂಡಿಸುವ ಚಿಹ್ನೆ ಹಾಕಿ ನೋಡಿದರೆ, B2 ಪಠ್ಯವಾಗಿದ್ದರೂ ಎಕ್ಸೆಲ್ ಅದನ್ನು ಹೊತ್ತು ಎಂದು ಓದಿ ಸರಿಯಾಗಿ ಕೂಡಿಸಿಬಿಡುತ್ತದೆ. "ನೋಡ್ರಿ, ಸೆಲ್ ಸರಿಯಾಗೇ ಅದ, `SUM` ಕೆಟ್ಟಿದೆ" ಎಂದುಕೊಳ್ಳುತ್ತಾರೆ. ಕೆಟ್ಟಿರುವುದು ಸೆಲ್ಲೇ. ಪ್ಲಸ್ ಚಿಹ್ನೆ ಪಠ್ಯವನ್ನು ಸಂಖ್ಯೆ ಮಾಡಲು ನೋಡುತ್ತದೆ, `SUM`ಗೆ ಕೊಟ್ಟ ಸಾಲಿನಲ್ಲಿ ಪಠ್ಯ ಸಿಕ್ಕರೆ ಅದು ಮುಟ್ಟುವುದಿಲ್ಲ.

ಪಠ್ಯ ಯಾಕೆ ಪಠ್ಯವಾಯಿತು

ಮೂರೂ ಸೆಲ್‌ಗಳಿಗೆ ಕಾರಣ ಬೇರೆ ಬೇರೆ.

ಸೋಮವಾರದ ಸೆಲ್ ಮೇಲೆ ಕ್ಲಿಕ್ ಮಾಡಿ ಮೇಲಿನ ಫಾರ್ಮುಲಾ ಪಟ್ಟಿ ನೋಡಿದರೆ `'8:45` ಎಂದಿದೆ. ಮುಂದೆ ಒಂಟಿ ಉದ್ಧರಣ ಚಿಹ್ನೆ. ಮೊಬೈಲ್ ನಂಬರಿನ ಮುಂದಿನ ಸೊನ್ನೆ ಹೋಗದಿರಲಿ ಎಂದು ಅದನ್ನು ಹಾಕುವ ರೂಢಿ ಇದ್ದವರು ಇಲ್ಲೂ ಹಾಕಿರುತ್ತಾರೆ. ಕಾಲಂ ಮೊದಲೇ `Text` ಫಾರ್ಮ್ಯಾಟ್‌ನಲ್ಲಿ ಇದ್ದರೂ ಇದೇ ಆಗುತ್ತದೆ. ಆಮೇಲೆ ಫಾರ್ಮ್ಯಾಟನ್ನು `Time` ಎಂದು ಬದಲಿಸಿದರೆ ಏನೂ ಆಗುವುದಿಲ್ಲ ಎಂಬುದನ್ನು ನೆನಪಿಡಿ. ಫಾರ್ಮ್ಯಾಟ್ ಹೊದಿಕೆಯನ್ನು ಬದಲಿಸುತ್ತದೆ, ಒಳಗಿನದನ್ನಲ್ಲ. ಸೆಲ್ ಒಳಗೆ ಹೋಗಿ `F2`, `Enter` ಒತ್ತಿದರೆ ಎಕ್ಸೆಲ್ ಅದನ್ನು ಮತ್ತೆ ಓದಿ ಹೊತ್ತು ಮಾಡಿಕೊಳ್ಳುತ್ತದೆ, ಆದರೆ ಉದ್ಧರಣ ಚಿಹ್ನೆ ಇದ್ದರೆ ಮೊದಲು ಅದನ್ನು ಅಳಿಸಬೇಕು.

ಗುರುವಾರದ ಸೆಲ್ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ, ಏಕೆಂದರೆ ಇದು ಕನ್ನಡದಲ್ಲಿ ಟೈಪ್ ಮಾಡುವವರಿಗೆ ಬರುವ ತೊಂದರೆ, ಬೇರೆಯವರು ಬರೆದ ಸಲಹೆಗಳಲ್ಲಿ ಇದು ಸಿಗುವುದಿಲ್ಲ. `10ಃ15` ನಡುವೆ ಇರುವುದು ಕೋಲನ್ ಅಲ್ಲ, ವಿಸರ್ಗ. ದುಃಖ ಬರೆಯುವಾಗ ಹಾಕುತ್ತೇವಲ್ಲ, ಅದು. ಸೂಪರ್‌ವೈಸರ್ ಫೋನಿನ ಕನ್ನಡ ಕೀಲಿಮಣೆಯಲ್ಲಿ ಹೊತ್ತು ಟೈಪ್ ಮಾಡಿ ವಾಟ್ಸಾಪ್ ಮಾಡಿದ್ದಾರೆ, ಇಲ್ಲಿ ಕಾಪಿ ಮಾಡಿ ಹಾಕಿದ್ದಾರೆ. ಪರದೆಯಲ್ಲಿ ಎರಡೂ ಮೇಲೆ ಕೆಳಗೆ ಎರಡು ಚುಕ್ಕೆಯೇ. ಕೆಲವು ಫಾಂಟ್‌ಗಳಲ್ಲಿ ವಿಸರ್ಗದ ಚುಕ್ಕೆ ಸ್ವಲ್ಪ ದಪ್ಪ, ಟೊಳ್ಳು ಸುತ್ತು ಇರಬಹುದು, ಸಣ್ಣ ಅಕ್ಷರದಲ್ಲಿ ಅದು ಕಾಣುವುದಿಲ್ಲ. ಕಣ್ಣನ್ನು ನಂಬದೆ ಅಕ್ಷರದ ಸಂಕೇತ ಸಂಖ್ಯೆಯನ್ನೇ ಕೇಳಿ:

```
=UNICODE(MID(B5,3,1))
```

ಇದು ಮೂರನೇ ಅಕ್ಷರದ ಸಂಖ್ಯೆ ಹೇಳುತ್ತದೆ. ಕೋಲನ್ ಆಗಿದ್ದರೆ 58. ಇಲ್ಲಿ 3203 ಬಂತು, ಅದು ಕನ್ನಡ ವಿಸರ್ಗ. ಅಂಕಿಗಳೇ ಕನ್ನಡದಲ್ಲಿದ್ದರೆ, ಅಂದರೆ ೮, ೪೫ ಹೀಗಿದ್ದರೆ, 3302ರಿಂದ 3311ರ ನಡುವಿನ ಸಂಖ್ಯೆ ಬರುತ್ತದೆ. ಅಂಥ ಹಾಳೆ ಸಿಕ್ಕರೆ `Ctrl+H` ಒತ್ತಿ ೦ ಇದ್ದಲ್ಲಿ 0, ೧ ಇದ್ದಲ್ಲಿ 1 ಎಂದು ಹತ್ತು ಸಲ ಬದಲಾಯಿಸಿಬಿಡಿ. ಬೇಸರದ ಕೆಲಸ, ಆದರೆ ಒಂದೇ ಸಲ.

ಶುಕ್ರವಾರದ `7:50` ನೋಡಲು ಸರಿಯಾಗಿದೆ, ಉದ್ಧರಣ ಚಿಹ್ನೆಯೂ ಇಲ್ಲ, ವಿಸರ್ಗವೂ ಇಲ್ಲ. `=LEN(B6)` ಕೇಳಿದರೆ 4 ಬರಬೇಕಿತ್ತು, 5 ಬಂತು. ಕೊನೆಯಲ್ಲಿ ಕಾಣದ ಒಂದು ಖಾಲಿ ಜಾಗ ಇದೆ. ಸಾಮಾನ್ಯ ಖಾಲಿ ಜಾಗವಾಗಿದ್ದರೆ `TRIM` ತೆಗೆದುಹಾಕುತ್ತದೆ. ಆದರೆ ವೆಬ್ ಪುಟದಿಂದಲೋ ಮೇಲ್‌ನಿಂದಲೋ ಕಾಪಿ ಮಾಡಿದಾಗ ಬರುವ ಖಾಲಿ ಜಾಗದ ಸಂಖ್ಯೆ 160, ಅದನ್ನು `TRIM` ಮುಟ್ಟುವುದಿಲ್ಲ. ಅದನ್ನು ಬೇರೆಯಾಗಿ ಹೆಸರಿಸಿ ತೆಗೆಯಬೇಕು.

ಚುಕ್ಕೆ ಹಾಕಿದ ಹೊತ್ತು

ಈಗ ಮಂಗಳವಾರ. ಇದು ಪಠ್ಯವಲ್ಲ, ಸಂಖ್ಯೆಯೇ. ಆದರೂ ಆರರಲ್ಲಿ ಅತಿ ದೊಡ್ಡ ಅನಾಹುತ ಮಾಡಿದ್ದು ಇದೇ.

ನಮ್ಮಲ್ಲಿ ಕೈಯಲ್ಲಿ ಬರೆಯುವಾಗ ಒಂಬತ್ತೂವರೆ ತಾಸನ್ನು 9.30 ಎಂದು ಬರೆಯುವುದು ರೂಢಿ. ಅದನ್ನೇ ಹಾಳೆಯಲ್ಲಿ ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ದಶಮಾಂಶ ಸಂಖ್ಯೆ ಎಂದುಕೊಂಡು ಕೊನೆಯ ಸೊನ್ನೆ ಬಿಟ್ಟು 9.3 ಎಂದು ಇಡುತ್ತದೆ. ಹೊತ್ತಿನ ಮೊತ್ತದಲ್ಲಿ ಸೇರಿದಾಗ ಅದರ ಅರ್ಥ ಒಂಬತ್ತೂ ಚಿಲ್ಲರೆ ದಿನ! ಒಂಬತ್ತು ತಾಸಲ್ಲ, ಒಂಬತ್ತು ದಿನ. ಅಂದರೆ 223 ತಾಸು 12 ನಿಮಿಷ.

0:42 ಎಲ್ಲಿಂದ ಬಂತು ಎಂದು ಈಗ ಗೊತ್ತಾಗುತ್ತದೆ. ಮೊತ್ತಕ್ಕೆ ಸೇರಿದ್ದು ಮೂರೇ ಸೆಲ್: ಮಂಗಳವಾರದ 223:12, ಬುಧವಾರದ 8:20, ಶನಿವಾರದ 9:10. ಕೂಡಿಸಿದರೆ 240 ತಾಸು 42 ನಿಮಿಷ. 240 ತಾಸು ಅಂದರೆ ಸರಿಯಾಗಿ ಹತ್ತು ದಿನ. ಮೊತ್ತದ ಸೆಲ್‌ನ ಫಾರ್ಮ್ಯಾಟ್ `h:mm` ಆಗಿತ್ತು, ಅದು ಪೂರ್ತಿ ದಿನಗಳನ್ನು ಬಿಟ್ಟು ಉಳಿದದ್ದನ್ನು ಮಾತ್ರ ತೋರಿಸುತ್ತದೆ. ಹತ್ತು ದಿನ ಹೋಯಿತು, 0:42 ಉಳಿಯಿತು.

ಈಗ ಒಂದು ಪ್ರಶ್ನೆ ಬರುತ್ತದೆ, ಇದಕ್ಕೆ ಉತ್ತರ ಕಂಪ್ಯೂಟರಿನಲ್ಲಿ ಸಿಗುವುದಿಲ್ಲ, ಬರೆದವರನ್ನೇ ಕೇಳಬೇಕು. ಸೆಲ್‌ನಲ್ಲಿ 9.5 ಇದ್ದರೆ ಅದು ಒಂಬತ್ತೂವರೆ ತಾಸೋ, 9 ತಾಸು 50 ನಿಮಿಷವೋ, 9 ತಾಸು 5 ನಿಮಿಷವೋ? 9.50 ಎಂದು ಟೈಪ್ ಮಾಡಿದ್ದರೂ 9.5 ಆಗುತ್ತದೆ, ಹಾಗಾಗಿ ಸೊನ್ನೆ ಇತ್ತೋ ಇಲ್ಲವೋ ಎಂದು ಆಮೇಲೆ ತಿಳಿಯಲು ದಾರಿಯೇ ಇಲ್ಲ. ಹಾಜರಿ ಪುಸ್ತಕ ತೆರೆದು ಎರಡು ಮೂರು ಸಾಲು ತಾಳೆ ನೋಡಿ. ಇಡೀ ಕಾಲಂನಲ್ಲಿ ಚುಕ್ಕೆಯ ಮುಂದೆ 60ಕ್ಕಿಂತ ದೊಡ್ಡದು, ಅಂದರೆ 8.75, 7.83 ಇಂಥದ್ದು ಒಂದಾದರೂ ಕಂಡರೆ ಬರೆದವರು ನಿಜವಾದ ದಶಮಾಂಶವನ್ನೇ ಬರೆದಿದ್ದಾರೆ ಎಂಬ ಅನುಮಾನ ಪಡಬೇಕು, ಏಕೆಂದರೆ 75 ನಿಮಿಷ ಎಂದು ಯಾರೂ ಬರೆಯುವುದಿಲ್ಲ. ಎಲ್ಲವೂ .15, .3, .45, .2 ಹೀಗೇ ಇದ್ದರೆ ಅದು ನಿಮಿಷ ಆಗಿರುವ ಸಾಧ್ಯತೆ ಜಾಸ್ತಿ.

ನಿಮಿಷವೇ ಎಂದು ಖಚಿತವಾದ ಮೇಲೆ ಈ ಫಾರ್ಮುಲಾ:

```
=INT(B3)+ROUND(MOD(B3,1)*100,0)/60
```

ಚುಕ್ಕೆಯ ಹಿಂದಿನ 9 ಹಾಗೇ ಉಳಿಯುತ್ತದೆ. ಮುಂದಿನ 0.3 ನೂರರಿಂದ ಗುಣಿಸಿದರೆ 30 ನಿಮಿಷ, ಅದನ್ನು 60ರಿಂದ ಭಾಗಿಸಿದರೆ 0.5 ತಾಸು. ಉತ್ತರ 9.5. ನಡುವೆ `ROUND` ಯಾಕೆ ಅಂದರೆ, ಕಂಪ್ಯೂಟರ್ 9.3ನ್ನು ಪೂರ್ತಿ ನಿಖರವಾಗಿ ಇಟ್ಟುಕೊಳ್ಳಲಾರದು, 30ರ ಬದಲು 30ಕ್ಕಿಂತ ಕೂದಲೆಳೆ ಜಾಸ್ತಿ ಬರುತ್ತದೆ. ನಿಮಿಷ ಪೂರ್ಣ ಸಂಖ್ಯೆಯೇ ಆಗಿರಬೇಕಲ್ವಾ, ಹಾಗಾಗಿ ಅಲ್ಲೇ ಸರಿಪಡಿಸಿಬಿಡುವುದು ಒಳ್ಳೆಯದು.

ಎಲ್ಲವನ್ನೂ ದಶಮಾಂಶ ತಾಸಿಗೆ ತರುವುದು

ಪಗಾರಕ್ಕೆ ಬೇಕಾದದ್ದು ದಶಮಾಂಶ ತಾಸು. 8 ತಾಸು 45 ನಿಮಿಷ ಅಂದರೆ 8.75, ಅದನ್ನೇ ದರದಿಂದ ಗುಣಿಸಬೇಕು. ಮೂಲ ಕಾಲಂ B ಹಾಗೇ ಇರಲಿ, ಅದನ್ನು ತಿದ್ದಬೇಡಿ. ನಾಳೆ ಕೆಲಸಗಾರ ಬಂದು "ನನ್ನ ಗುರುವಾರದ ತಾಸು ಎಷ್ಟು ಬರ್ದೀರಿ ಅಣ್ಣಾ" ಎಂದು ಕೇಳಿದರೆ ತೋರಿಸಲು ಮೂಲ ಬೇಕು. C ಕಾಲಂನಲ್ಲಿ ಸ್ವಚ್ಛ ಮಾಡಿ, D ಕಾಲಂನಲ್ಲಿ ದಶಮಾಂಶ ಮಾಡೋಣ.

C2ನಲ್ಲಿ:

```
=IF(ISTEXT(B2),
 TRIM(SUBSTITUTE(SUBSTITUTE(SUBSTITUTE(B2,
 UNICHAR(160),""),"ಃ",":"),".",":")),
 B2)
```

ಪಠ್ಯವಾಗಿದ್ದರೆ ಮಾತ್ರ ಕೈ ಹಾಕುತ್ತದೆ. 160ರ ಖಾಲಿ ಜಾಗ ತೆಗೆಯುತ್ತದೆ, ವಿಸರ್ಗವನ್ನು ಕೋಲನ್ ಮಾಡುತ್ತದೆ, ಪಠ್ಯವಾಗಿ ಕೂತ 9.30 ಇದ್ದರೆ ಅದನ್ನು 9:30 ಮಾಡುತ್ತದೆ. ಸಂಖ್ಯೆ ಇದ್ದರೆ ಹಾಗೇ ಬಿಡುತ್ತದೆ. ಆ ಮೊದಲ `ISTEXT` ಬಿಟ್ಟರೆ ಕೆಲಸ ಕೆಡುತ್ತದೆ: ಬುಧವಾರದ ನಿಜವಾದ ಹೊತ್ತು ಪಠ್ಯವಾಗಿ ಬದಲಾಗಿ 0:347222222222222 ಎಂಬ ಉದ್ದದ ಸಾಲಾಗುತ್ತದೆ. `UNICHAR` ಎಕ್ಸೆಲ್ 2013ರಿಂದ ಇದೆ.

"8 ತಾಸು 20 ನಿಮಿಷ" ಎಂದು ಪೂರ್ತಿ ಬರೆದು ಕಳಿಸುವವರೂ ಇದ್ದಾರೆ. ಅವರದ್ದಕ್ಕೆ ಇದೇ ರೀತಿ ಇನ್ನೆರಡು `SUBSTITUTE` ಸೇರಿಸಿ, `" ತಾಸು "` ಇದ್ದಲ್ಲಿ ಕೋಲನ್, `" ನಿಮಿಷ"` ಇದ್ದಲ್ಲಿ ಖಾಲಿ. ಒಬ್ಬರು ತಾಸು, ಇನ್ನೊಬ್ಬರು ಗಂಟೆ ಎಂದು ಬರೆದಿದ್ದರೆ ಎರಡಕ್ಕೂ ಹಾಕಬೇಕು.

D2ನಲ್ಲಿ:

```
=IF(ISTEXT(C2),
 VALUE("0"&LEFT(C2,FIND(":",C2)-1))
 +VALUE(MID(C2,FIND(":",C2)+1,2))/60,
 IF(C2<1, C2*24,
 INT(C2)+ROUND(MOD(C2,1)*100,0)/60))
```

ಇದರಲ್ಲಿ ಮೂರು ದಾರಿ ಇವೆ. ಪಠ್ಯವಾಗಿದ್ದರೆ ಕೋಲನ್ ಎಲ್ಲಿದೆ ಎಂದು ಹುಡುಕಿ, ಹಿಂದಿನದನ್ನು ತಾಸು, ಮುಂದಿನ ಎರಡು ಅಂಕಿಯನ್ನು ನಿಮಿಷ ಎಂದು ತೆಗೆದುಕೊಳ್ಳುತ್ತದೆ. ಸಂಖ್ಯೆಯಾಗಿದ್ದು 1ಕ್ಕಿಂತ ಕಡಿಮೆ ಇದ್ದರೆ ಅದು ಎಕ್ಸೆಲ್‌ನ ನಿಜವಾದ ಹೊತ್ತು, 24ರಿಂದ ಗುಣಿಸಿದರೆ ತಾಸು. 1 ಅಥವಾ ಜಾಸ್ತಿ ಇದ್ದರೆ ಚುಕ್ಕೆ ಹಾಕಿ ಬರೆದ ಹೊತ್ತು. ಮುಂದೆ ಅಂಟಿಸಿರುವ `"0"` ಯಾಕೆಂದರೆ, ಕೆಲವರು 45 ನಿಮಿಷಕ್ಕೆ `:45` ಎಂದಷ್ಟೇ ಬರೆಯುತ್ತಾರೆ, ಆಗ ಕೋಲನ್‌ನ ಹಿಂದೆ ಏನೂ ಇರದೆ `#VALUE!` ಬರುತ್ತದೆ.

ಇಲ್ಲಿ `TIMEVALUE` ಬಳಸಬಹುದಿತ್ತಲ್ಲ ಎಂದು ಕೇಳಬಹುದು. ದಿನದ ಹೊತ್ತಿಗೆ ಅದು ಸರಿ. ಆದರೆ ಯಾರಾದರೂ ಮೂರು ದಿನದ್ದು ಸೇರಿಸಿ `26:40` ಎಂದು ಪಠ್ಯದಲ್ಲಿ ಬರೆದಿದ್ದರೆ, ಎಕ್ಸೆಲ್‌ನ `TIMEVALUE` ದಿನವನ್ನು ಬಿಟ್ಟು 2:40 ಮಾತ್ರ ಕೊಡುತ್ತದೆ. 24 ತಾಸು ಸದ್ದಿಲ್ಲದೆ ಹೋಗಿಬಿಡುತ್ತದೆ. ಕೋಲನ್ ಹಿಡಿದು ಒಡೆಯುವ ದಾರಿಯಲ್ಲಿ 26 ಅಂದರೆ 26 ತಾಸೇ.

ಈ ಫಾರ್ಮುಲಾಗೂ ಮಿತಿ ಇದೆ. ಬರೀ ಅರ್ಧ ತಾಸು ದುಡಿದವರಿಗೆ 0.30 ಎಂದು ಚುಕ್ಕೆಯಲ್ಲಿ ಬರೆದಿದ್ದರೆ ಅದು 1ಕ್ಕಿಂತ ಕಡಿಮೆ. ಹಾಗಾಗಿ ಹೊತ್ತು ಎಂದುಕೊಂಡು 7.2 ತಾಸು ಮಾಡಿಬಿಡುತ್ತದೆ. ಅದೇ ರೀತಿ ಎಕ್ಸೆಲ್‌ನ ನಿಜವಾದ ಹೊತ್ತೇ 24 ತಾಸು ದಾಟಿದ್ದರೆ ಅದನ್ನು ಚುಕ್ಕೆಯ ಸಂಖ್ಯೆ ಎಂದುಕೊಳ್ಳುತ್ತದೆ. ದಿನಕ್ಕೊಂದು ಸಾಲು ಇರುವ ಹಾಜರಿಗೆ ಎರಡನೆಯದು ಬರುವುದಿಲ್ಲ, ಮೊದಲನೆಯದು ಬರಬಹುದು. ಒಂದು ತಾಸಿಗಿಂತ ಕಡಿಮೆ ಇರುವ ಸಾಲುಗಳನ್ನು ಮಾತ್ರ ಕಣ್ಣಿಂದ ನೋಡಿಬಿಡಿ. ಪಠ್ಯದಲ್ಲಿ `8:5` ಇದ್ದರೆ ಫಾರ್ಮುಲಾ 5 ನಿಮಿಷ ಎಂದೇ ಓದುತ್ತದೆ. 50 ಬರೆಯಲು ಹೋಗಿ ಸೊನ್ನೆ ಬಿಟ್ಟಿರಬಹುದು, ಅದನ್ನೂ ಕೇಳಿ.

ಈಗ ಆರೂ ಸಾಲು ಹೀಗೆ ಬಂದವು: 8.75, 9.5, 8.3333, 10.25, 7.8333, 9.1667. ಕೂಡಿಸಿದರೆ 53.8333. ಇದನ್ನು 60ರಿಂದ ಗುಣಿಸಿದರೆ 3230 ರೂಪಾಯಿ, ಕಾಗದದ ಮೇಲೆ ಬಂದ ಅಂಕಿಯೇ.

ಬಂದ ಉತ್ತರವನ್ನು ದಿನದಿನಕ್ಕೆ ರೌಂಡ್ ಮಾಡಬೇಡಿ. 8:20ನ್ನು 8.3 ಎಂದು ಇಟ್ಟುಕೊಂಡು ಆರು ದಿನ ಕೂಡಿಸಿದರೆ 49.8 ಆಗುತ್ತದೆ, ನಿಜವಾಗಿ 50 ತಾಸು. ಈ ದರದಲ್ಲಿ ಒಬ್ಬರಿಗೆ ವಾರಕ್ಕೆ 12 ರೂಪಾಯಿ ಕಡಿಮೆ. ದುಡಿದವರ ದುಡ್ಡು ಹೀಗೆ ಸೋರಬಾರದು. ಸೆಲ್‌ನಲ್ಲಿ ಎರಡು ಸ್ಥಾನ ಮಾತ್ರ ಕಾಣುವಂತೆ ಮಾಡಿ, ಅದರಿಂದ ಒಳಗಿನ ಸಂಖ್ಯೆ ಬದಲಾಗುವುದಿಲ್ಲ. ರೌಂಡ್ ಮಾಡುವುದಿದ್ದರೆ ಕೊನೆಯಲ್ಲಿ ರೂಪಾಯಿಗೆ ಮಾತ್ರ.

ಮೊತ್ತ 24 ತಾಸು ದಾಟಿದಾಗ

ಪಗಾರ ಚೀಟಿಯಲ್ಲಿ 53.83 ಎಂದು ಹಾಕಿದರೆ ಕೆಲಸಗಾರರಿಗೆ ಅರ್ಥವಾಗುವುದಿಲ್ಲ, ಅದನ್ನು 53 ತಾಸು 83 ನಿಮಿಷ ಎಂದು ಓದುವವರೂ ಇರುತ್ತಾರೆ. ಅವರಿಗೆ 53:50 ಎಂದೇ ತೋರಿಸಬೇಕು. ಅದಕ್ಕೆ ಇನ್ನೊಂದು ಸೆಲ್‌ನಲ್ಲಿ:

```
=SUM(D2:D7)/24
```

24ರಿಂದ ಭಾಗಿಸಿದ್ದು ಯಾಕೆಂದರೆ ತಾಸನ್ನು ಮತ್ತೆ ಎಕ್ಸೆಲ್‌ನ ದಿನಕ್ಕೆ ತಂದೆವು. ಈಗ `h:mm` ಫಾರ್ಮ್ಯಾಟ್ ಹಾಕಿದರೆ 5:50 ಎಂದು ಕಾಣುತ್ತದೆ. ಎರಡು ದಿನ, ಅಂದರೆ 48 ತಾಸು, ಮರೆಯಾಯಿತು. `Ctrl+1` ಒತ್ತಿ, `Number` ಪುಟದಲ್ಲಿ `Custom` ಆರಿಸಿ, `Type` ಎಂಬಲ್ಲಿ ಇದನ್ನು ಬರೆಯಿರಿ:

```
[h]:mm
```

ಆ ಚೌಕ ಆವರಣವೇ ಮುಖ್ಯ. 24 ದಾಟಿದರೂ ಮತ್ತೆ ಸೊನ್ನೆಯಿಂದ ಶುರು ಮಾಡಬೇಡ, ಎಣಿಸುತ್ತಾ ಹೋಗು ಎಂದು ಅದು ಹೇಳುತ್ತದೆ. ಈಗ 53:50 ಬರುತ್ತದೆ. ಕ್ಯಾಲ್ಕ್‌ನಲ್ಲಿ `[HH]:MM` ಎಂದು ಬರೆಯಿರಿ. ಗೂಗಲ್ ಶೀಟ್ಸ್‌ನಲ್ಲಿ `Format`, `Number`, `Duration`.

ತಪ್ಪು ಹೊದಿಕೆಯಿಂದ ಬರುವ ಅಂಕಿಗಳನ್ನು ಒಮ್ಮೆ ಗುರುತು ಇಟ್ಟುಕೊಂಡರೆ ಮುಂದೆ ನೋಡಿದ ತಕ್ಷಣ ಹೇಳಬಹುದು. ಈ ಹಾಳೆಯ ಸರಿಯಾದ ಮೊತ್ತ 53:50. ಅದರ ಬದಲು 5:50 ಕಂಡರೆ ಚೌಕ ಆವರಣ ಇಲ್ಲ. 20:00 ಕಂಡರೆ, ದಶಮಾಂಶ 53.8333ಕ್ಕೆ ಯಾರೋ `h:mm` ಹೊದಿಸಿದ್ದಾರೆ. 24ರಿಂದ ಗುಣಿಸುವ ಫಾರ್ಮುಲಾ ಹಾಕಿದಾಗ ಎಕ್ಸೆಲ್ ತಾನಾಗಿಯೇ ಹೊತ್ತಿನ ಫಾರ್ಮ್ಯಾಟ್ ಇಟ್ಟುಬಿಡುವುದುಂಟು, ಅದನ್ನು `Number` ಎಂದು ಬದಲಿಸಬೇಕು. 1292:00 ಕಂಡರೆ ಅದೇ ದಶಮಾಂಶಕ್ಕೆ `[h]:mm` ಹೊದಿಸಿದ್ದಾರೆ.

ರೂಪಾಯಿಯ ಸೆಲ್ ಕೂಡ ಹೀಗೇ ಗುಟ್ಟು ಬಿಡುತ್ತದೆ. 134.58 ಬಂದರೆ 53:50 ಎಂದು ಕಾಣುವ ಸೆಲ್ಲನ್ನೇ ನೇರವಾಗಿ ದರದಿಂದ ಗುಣಿಸಿದ್ದಾರೆ. ಒಳಗಿರುವುದು 2.243 ದಿನ, 60 ಪಟ್ಟು ಮಾಡಿದರೆ ಅಷ್ಟೇ ಬರುತ್ತದೆ. ಇದು ಎಷ್ಟು ಕಡಿಮೆಯೆಂದರೆ ಯಾರಿಗಾದರೂ ಗೊತ್ತಾಗುತ್ತದೆ. ಆದರೆ 3210 ಬಂದರೆ ಹುಷಾರು. 53:50ನ್ನು 53.50 ಎಂದು ಕೈಯಲ್ಲಿ ಟೈಪ್ ಮಾಡಿ ಗುಣಿಸಿದ್ದಾರೆ. ವ್ಯತ್ಯಾಸ 20 ರೂಪಾಯಿ ಮಾತ್ರ, ಕಣ್ಣಿಗೆ ಬೀಳುವುದಿಲ್ಲ, ಹತ್ತಾರು ಜನರ ಬಟವಾಡೆಯಲ್ಲಿ ಪ್ರತಿ ವಾರ ನಡೆಯುತ್ತಲೇ ಇರುತ್ತದೆ.

ಹೊಸ ಹಾಳೆ ಮಾಡುವುದಿದ್ದರೆ

ಹೊತ್ತನ್ನು ಒಂದೇ ಸೆಲ್‌ನಲ್ಲಿ ಬರೆಸಬೇಡಿ. ತಾಸಿಗೆ ಒಂದು ಕಾಲಂ, ನಿಮಿಷಕ್ಕೆ ಒಂದು ಕಾಲಂ ಇಡಿ. ಬರೆಯುವವರಿಗೂ ಇದೇ ಬೇಗ, ಬಲಗಡೆಯ ಅಂಕಿ ಕೀಲಿಗಳಿಂದ ಕೈ ಎತ್ತಬೇಕಿಲ್ಲ, ಕೋಲನ್ ಹುಡುಕಬೇಕಿಲ್ಲ. ಫಾರ್ಮುಲಾ ಇಷ್ಟೇ:

```
=B2+C2/60
```

ನಿಮಿಷದ ಕಾಲಂಗೆ `Data`, `Data Validation` ಹೋಗಿ `Whole number`, 0ರಿಂದ 59 ಎಂದು ಕಟ್ಟು ಹಾಕಿ. ಟೈಪ್ ಮಾಡುವಾಗ 75 ಎಂದು ಹಾಕಿದರೆ ಅಲ್ಲೇ ತಡೆಯುತ್ತದೆ. ಕಾಪಿ ಮಾಡಿ ಅಂಟಿಸಿದ್ದನ್ನು ಮಾತ್ರ ಈ ಕಟ್ಟು ತಡೆಯುವುದಿಲ್ಲ, ಹಾಗಾಗಿ `COUNT` ಮತ್ತು `COUNTA` ಎರಡನ್ನೂ ಹಾಳೆಯ ಕೆಳಗೆ ಕಾಯಂ ಆಗಿ ಇಟ್ಟುಬಿಡಿ. ಎರಡೂ ಒಂದೇ ಇಲ್ಲದ ದಿನ ಬಟವಾಡೆ ನಿಲ್ಲಿಸಿ ಹುಡುಕಿ.

ಜನರೇಟರ್ ಮತ್ತು ಜೆಸಿಬಿಯ ಲೆಕ್ಕವನ್ನು ಇದೇ ಹಾಳೆಗೆ ತರುವವರು ಒಂದು ವಿಷಯ ಗಮನಿಸಬೇಕು. ಆ ಯಂತ್ರಗಳ ತಾಸಿನ ಮೀಟರಿನಲ್ಲಿ ಸಾಮಾನ್ಯವಾಗಿ ಕೊನೆಯ ಅಂಕಿ ತಾಸಿನ ಹತ್ತನೇ ಒಂದು ಭಾಗ. ಮೀಟರ್ 1245.6 ತೋರಿಸಿದರೆ ಆ 6ರ ಅರ್ಥ 36 ನಿಮಿಷ, 60 ನಿಮಿಷವೂ ಅಲ್ಲ, 6 ನಿಮಿಷವೂ ಅಲ್ಲ. ಅದು ಆಗಲೇ ದಶಮಾಂಶ ತಾಸು. ಮೇಲಿನ ಚುಕ್ಕೆಯ ಫಾರ್ಮುಲಾಗೆ ಕೊಟ್ಟರೆ ಅದನ್ನು 1246 ಮಾಡಿ ಕೆಡಿಸುತ್ತದೆ. ಇಂದಿನ ರೀಡಿಂಗ್‌ನಿಂದ ನಿನ್ನೆಯದನ್ನು ಕಳೆದು ನೇರವಾಗಿ ದರದಿಂದ ಗುಣಿಸಿ. ಹಳೆಯ ಯಂತ್ರದ ಮೀಟರ್ ಹತ್ತು ಸಾವಿರ ತಾಸು ದಾಟಿರುತ್ತದೆ, ಅದನ್ನು `10250:00` ಎಂದು ಕೋಲನ್ ಹಾಕಿ ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ಹೊತ್ತು ಎಂದು ಒಪ್ಪುವುದೇ ಇಲ್ಲ, 9999:59:59ರವರೆಗೆ ಮಾತ್ರ ಒಪ್ಪುತ್ತದೆ, ಮುಂದಿನದ್ದೆಲ್ಲ ಪಠ್ಯವಾಗಿ ಕೂರುತ್ತದೆ. ಮೀಟರ್ ರೀಡಿಂಗ್‌ಗೆ ಕೋಲನ್ ಬೇಡ, 10250.0 ಎಂದೇ ಬರೆಯಿರಿ.